ಒಂದು ಬಾಗಿಲು, ನಾಲ್ಕು ಹೆಸರು

(ಕೋಲಾರದಲ್ಲಿ ಕನ್ನಡ ವಿದ್ಯಾರ್ಥಿಗಳು ಮತ್ತು ಶಿಕ್ಷಕರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈ ಸಭಾಂಗಣದ ಎಡಗಡೆಯ ಓಣಿಯ ಕೊನೆಯಲ್ಲಿ ಒಂದು ಬಾಗಿಲಿದೆ. ನಿಮ್ಮಲ್ಲಿ ಬಹಳ ಮಂದಿ ಅದನ್ನು ಆಗಲೇ ನೋಡಿರುತ್ತೀರಿ. ಬಾಗಿಲಿನ ಮೇಲಿನ ಗೋಡೆಗೆ ನೀಲಿ ಬಣ್ಣದಲ್ಲಿ ‘ಶೌಚಾಲಯ’ ಎಂದು ಬರೆದಿದ್ದಾರೆ, ಬಣ್ಣ ಮಾಸಿದೆ. ಅದರ ಕೆಳಗೆ ಮೊಳೆ ಹೊಡೆದ ತಗಡಿನ ಮೇಲೆ ‘ಟಾಯ್ಲೆಟ್’ ಎಂದಿದೆ. ಬಾಗಿಲಿಗೇ ಅಂಟಿಸಿದ ಬಿಳಿಯ ಹಾಳೆಯಲ್ಲಿ, ಬಹುಶಃ ಈ ವರ್ಷವೇ ಮುದ್ರಿಸಿದ್ದು, ‘ವಾಷ್‌ರೂಂ’ ಎಂದಿದೆ. ಹೊಸದನ್ನು ಹಾಕಿದವರು ಹಳೆಯದನ್ನು ತೆಗೆದಿಲ್ಲ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ಕಾವಲಿನ ಹಿರಿಯರನ್ನು ನಾನು ಕೇಳಿದೆ: “ಯಜಮಾನರೇ, ಇದನ್ನು ನೀವು ಏನೆಂದು ಕರೆಯುತ್ತೀರಿ?” ಅವರು ಸ್ವಲ್ಪ ದನಿ ತಗ್ಗಿಸಿ ಹೇಳಿದರು: “ಮನೆಯಲ್ಲಾದರೆ ಕಕ್ಕಸು ಎನ್ನುತ್ತೇವೆ ಸಾರ್. ಇಲ್ಲಿ ಹಾಗೆಂದರೆ ಚೆನ್ನಾಗಿರುವುದಿಲ್ಲ.”

ಅಲ್ಲಿಗೆ ನಾಲ್ಕು ಹೆಸರಾಯಿತು. ಒಳಗಿನ ಕೋಣೆ ಒಂದೇ. ಅಲ್ಲಿ ನಡೆಯುವ ಕೆಲಸವೂ ಒಂದೇ, ಮನುಷ್ಯ ಹುಟ್ಟಿದಾಗಿನಿಂದ ಇರುವಂಥದ್ದು. ಹೆಸರು ಮಾತ್ರ ಏಕೆ ಮತ್ತೆ ಮತ್ತೆ ಬದಲಾಗಬೇಕು? ಹೇಳಲು ಸಂಕೋಚವಾಗುವ ವಿಷಯಕ್ಕೆ ಮೆತ್ತನೆಯ ಮಾತು ಹುಡುಕಿಕೊಳ್ಳುವುದನ್ನು ಭಾಷಾಶಾಸ್ತ್ರದ ಪುಸ್ತಕಗಳು ಸೌಮ್ಯೋಕ್ತಿ ಎನ್ನುತ್ತವೆ. ಸೌಮ್ಯೋಕ್ತಿ ಏಕೆ ಹುಟ್ಟುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಾಗೆ ಹುಟ್ಟಿದ ಮಾತು ಕೆಲವು ಕಾಲದ ನಂತರ ತಾನೇ ಸಂಕೋಚದ ಮಾತಾಗಿ, ತನ್ನ ಬದಲಿಗೆ ಇನ್ನೊಂದನ್ನು ಏಕೆ ಕೇಳುತ್ತದೆ ಎಂಬುದು ಅಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ. ನನ್ನ ಮಾತು ಅದರ ಬಗ್ಗೆ. ಈ ವಿಷಯ ಮಾತನಾಡುವಾಗ ಕೆಲವು ಒರಟು ಶಬ್ದಗಳನ್ನು ನಾನು ಹೇಳಲೇಬೇಕಾಗುತ್ತದೆ. ವೈದ್ಯರು ಹುಣ್ಣನ್ನು ನೋಡಿದಂತೆ ಅವನ್ನು ನೋಡೋಣ.

ಮೊದಲು ಆ ಬಾಗಿಲನ್ನೇ ಪೂರ್ತಿ ಓದೋಣ. ನನ್ನ ಅಜ್ಜಿಯ ಕಾಲಕ್ಕೆ ನಮ್ಮ ಹಳ್ಳಿಯಲ್ಲಿ ಬಾಗಿಲೇ ಇರಲಿಲ್ಲ. ಮಬ್ಬುಗತ್ತಲಲ್ಲಿ ಚೊಂಬು ಹಿಡಿದು ಹೊರಟರೆ “ಕೆರೆ ಕಡೆ ಹೋಗಿ ಬರುತ್ತೇನೆ” ಎನ್ನುತ್ತಿದ್ದರು. “ಹೊರಕಡೆಗೆ”, “ಬಯಲ ಕಡೆಗೆ” ಎಂಬ ಮಾತುಗಳೂ ಇದ್ದವು. ಓದಿದವರು ಅದನ್ನೇ ಸಂಸ್ಕೃತಕ್ಕೆ ತಿರುಗಿಸಿ ‘ಬಹಿರ್ದೆಸೆ’ ಮಾಡಿದರು. ಬಹಿರ್ದೆಸೆ ಎಂದರೂ ಹೊರಕಡೆ ಎಂದೇ ಅರ್ಥ. ಇಲ್ಲಿ ಒಂದು ಉಪಾಯವನ್ನು ಗಮನಿಸಿ. ಮಾಡುವ ಕೆಲಸವನ್ನು ಯಾರೂ ಹೇಳುವುದಿಲ್ಲ, ಹೋಗುವ ದಿಕ್ಕನ್ನು ಹೇಳುತ್ತಾರೆ. ಈ ಜಿಲ್ಲೆಯ ತಮಿಳು ಮನೆಗಳಲ್ಲಿಯೂ ‘ವೆಳಿಕ್ಕು’ ಎನ್ನುತ್ತಾರೆ, ಅದೂ ಹೊರಕ್ಕೆ ಎಂದೇ. ತೆಲುಗು ಮನೆಗಳಲ್ಲಿ ‘ದೊಡ್ಡಿಕಿ’ ಹೋಗುತ್ತಾರೆ. ದೊಡ್ಡಿ ಎಂದರೆ ಹಿತ್ತಿಲು, ದನ ಕಟ್ಟುವ ಜಾಗ.

ಈ ದೊಡ್ಡಿಯ ಹತ್ತಿರ ಒಂದು ನಿಮಿಷ ನಿಲ್ಲುತ್ತೇನೆ, ಏಕೆಂದರೆ ಕೋಲಾರದಂಥ ಊರಿನಲ್ಲಿ ಮಾತ್ರ ಕಣ್ಣಿಗೆ ಬೀಳುವ ಸಂಗತಿ ಇದು. ನಾನು ಪಾಠ ಮಾಡುತ್ತಿದ್ದ ತರಗತಿಯಲ್ಲಿ ಅರ್ಧದಷ್ಟು ಮಕ್ಕಳ ಮನೆಮಾತು ತೆಲುಗು. ಒಂದು ದಿನ ಕನ್ನಡ ಪಾಠದಲ್ಲಿ “ದನಗಳನ್ನು ದೊಡ್ಡಿಗೆ ಅಟ್ಟಿದರು” ಎಂಬ ವಾಕ್ಯ ಬಂತು. ಒಂದು ಸಾಲಿನ ಮಕ್ಕಳು ತಲೆ ತಗ್ಗಿಸಿ ನಗು ತಡೆದುಕೊಂಡರು. ಇನ್ನೊಂದು ಸಾಲಿನವರಿಗೆ ಏನಾಯಿತೆಂದೇ ತಿಳಿಯಲಿಲ್ಲ. ಅದೇ ಶಬ್ದ, ಅದೇ ಕೊಠಡಿ. ಕನ್ನಡದಲ್ಲಿ ದೊಡ್ಡಿ ಇವತ್ತಿಗೂ ದನದ ಜಾಗವೇ, ಎಷ್ಟೋ ಊರುಗಳ ಹೆಸರಿನ ಕೊನೆಯಲ್ಲಿ ಹೆಮ್ಮೆಯಿಂದ ನಿಂತಿದೆ. ತೆಲುಗಿನಲ್ಲಿ ಅದನ್ನು ಸೌಮ್ಯೋಕ್ತಿಯಾಗಿ ದುಡಿಸಿಕೊಂಡರು. ದುಡಿದು ದುಡಿದು ಅದಕ್ಕೆ ಕೊಳೆ ಹತ್ತಿತು. ಆಮೇಲೆ ಅದಕ್ಕೂ ಒಂದು ಮರೆ ಬೇಕಾಯಿತು. ಇವತ್ತಿನ ತೆಲುಗು ಬರಹದಲ್ಲಿ ಬಳಸುವ ಶಬ್ದ ‘ಮರುಗುದೊಡ್ಡಿ’. ಮರುಗು ಎಂದರೆ ಮರೆ. ಮರೆ ಮಾಡಲು ಬಂದ ಶಬ್ದಕ್ಕೇ ಮರೆ ಕಟ್ಟಿದ್ದು ಆ ಶಬ್ದದ ಮೈಮೇಲೆಯೇ ಕಾಣುತ್ತದೆ. ಮಾತು ಸವೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಕೊಳೆ ಇದ್ದದ್ದು ಶಬ್ದದ ಧ್ವನಿಯಲ್ಲಾಗಿದ್ದರೆ ಎರಡೂ ಸಾಲಿನ ಮಕ್ಕಳು ನಗಬೇಕಿತ್ತು.

ಮನೆಯ ಬಳಿ ಗೋಡೆ ಕಟ್ಟಿ ಬಾಗಿಲಿಟ್ಟ ಮೇಲೆ ದಿಕ್ಕಿನ ಮಾತು ಸಾಲಲಿಲ್ಲ, ಜಾಗಕ್ಕೆ ಹೆಸರು ಬೇಕಾಯಿತು. ಆಗ ಬಂದದ್ದು ಕಕ್ಕಸು. ಮಕ್ಕಳು ‘ಕಕ್ಕ’ ಎನ್ನುವುದರಿಂದ ಇದು ನಮ್ಮದೇ ಶಬ್ದವೆಂದು ಅನೇಕರು ತಿಳಿದಿದ್ದಾರೆ. ಆದರೆ ಇದರ ಮೂಲ ಡಚ್ ಭಾಷೆಯ ‘ಕಾಕ್‌ಹೌಸ್’. ಡಚ್ಚರು ವ್ಯಾಪಾರಕ್ಕೆ ಬಂದು ನೆಲೆನಿಂತ ಕಡೆಗಳಲ್ಲಿ ಅದು ಉಳಿಯಿತು. ತಮಿಳಿನ ಕಕ್ಕೂಸು, ಸಿಂಹಳದ ಕಕ್ಕುಸ್ಸಿ, ನಮ್ಮ ಕಕ್ಕಸು ಎಲ್ಲ ಒಂದೇ ಬೇರಿನವು. ಡಚ್ಚರ ಬಾಯಲ್ಲಿ ಅದು ಮೆತ್ತನೆಯ ಮಾತೇ ಅಲ್ಲ. ‘ಹೇಲಿನ ಮನೆ’ ಎಂದು ನೇರವಾಗಿ, ಒರಟಾಗಿ ಹೇಳುವ ಮಾತು. ನಮ್ಮವರಿಗೆ ಆ ಎರಡು ತುಂಡುಗಳ ಅರ್ಥ ಗೊತ್ತಿರಲಿಲ್ಲ. ಅರ್ಥ ಕಾಣದ್ದರಿಂದಲೇ ಅದು ನಮಗೆ ಸಭ್ಯವಾಯಿತು. ಪರಭಾಷೆಯ ಶಬ್ದ ಏಕೆ ಇಷ್ಟು ಸುಲಭವಾಗಿ ಸೌಮ್ಯೋಕ್ತಿಯಾಗುತ್ತದೆ ಎನ್ನುವುದಕ್ಕೆ ಉತ್ತರ ಇಲ್ಲಿದೆ. ಅದರ ಒಳಗೆ ಏನಿದೆಯೆಂದು ಕಾಣುವುದಿಲ್ಲ. ಮುಚ್ಚಿದ ಪಾತ್ರೆಯ ಹಾಗೆ ಕೈಯಿಂದ ಕೈಗೆ ಕೊಡಬಹುದು. ಆದರೆ ಒಂದು ತಲೆಮಾರು ಬಳಸಿದರೆ ಸಾಕು, ಒಳಗಿರುವುದು ಏನೆಂದು ಪ್ರತಿ ಮಗುವೂ ಕಲಿತುಬಿಡುತ್ತದೆ. ಆಮೇಲೆ ಮುಚ್ಚಳದಿಂದ ಉಪಯೋಗವಿಲ್ಲ. ಕಾವಲಿನ ಹಿರಿಯರು ದನಿ ತಗ್ಗಿಸಿದ್ದು ಅದಕ್ಕೇ.

ಪಾರಸಿಯಿಂದ ಬಂದ ಪಾಯಖಾನೆಗೆ ಇನ್ನೂ ಕೆಟ್ಟ ಗತಿಯಾಯಿತು. ಪಾಯ್ ಎಂದರೆ ಕಾಲು, ಖಾನಾ ಎಂದರೆ ಮನೆ. ಇಷ್ಟು ಮುಗ್ಧ ಶಬ್ದ ಇನ್ನೊಂದಿಲ್ಲ. ಹಿಂದಿಯಲ್ಲಿ ಅದು ‘ಪಾಖಾನಾ’ ಆಗಿ, ಕೋಣೆಯ ಹೆಸರು ಮಾತ್ರವಾಗಿ ನಿಲ್ಲದೆ ಒಳಗೆ ಬಿಡುವ ವಸ್ತುವಿನ ಹೆಸರೇ ಆಯಿತು. ಜಾಗದ ಹೆಸರು ವಸ್ತುವಿಗೆ ಅಂಟಿತೆಂದರೆ ಆ ಶಬ್ದದ ಸೌಮ್ಯತೆ ಮುಗಿಯಿತೆಂದೇ ಲೆಕ್ಕ. ನಮ್ಮ ಮನೆಗಳಲ್ಲಿ “ಮಗು ಹೇಸಿಗೆ ಮಾಡಿಕೊಂಡಿದೆ” ಎನ್ನುವುದಿಲ್ಲವೇ? ಹೇಸಿಗೆ ಎಂಬುದು ಮನಸ್ಸಿನ ಒಂದು ಭಾವದ ಹೆಸರು. ಅದು ತೊಟ್ಟಿಲಲ್ಲಿ ಬಿದ್ದಿರುವ ವಸ್ತುವಿನ ಹೆಸರಾಯಿತು.

ಇಂಗ್ಲಿಷಿನ ಮೂಲಕ ಬಂದವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಟಾಯ್ಲೆಟ್ ಫ್ರೆಂಚ್ ಮೂಲದ್ದು, ಮೊದಲ ಅರ್ಥ ಸಣ್ಣ ಬಟ್ಟೆ. ಅಲಂಕಾರದ ಮೇಜಿಗೆ ಹಾಸುವ ಬಟ್ಟೆಯಿಂದ ಅಲಂಕಾರಕ್ಕೆ, ಅಲಂಕಾರದಿಂದ ಅಲಂಕರಿಸಿಕೊಳ್ಳುವ ಕೋಣೆಗೆ, ಕೊನೆಗೆ ಈ ಕೋಣೆಗೆ ಅದು ಸರಿಯಿತು. ಲ್ಯಾಟ್ರಿನ್ ಮತ್ತು ಲ್ಯಾವೆಟರಿ ಎರಡೂ ಲ್ಯಾಟಿನ್ನಿನ ‘ತೊಳೆಯುವುದು’ ಎಂಬ ಧಾತುವಿನಿಂದ ಬಂದವು. ಅವೆರಡೂ ಕೊಳೆಯಾದ ಮೇಲೆ ಜನ ಹುಡುಕಿ ತಂದದ್ದು ವಾಷ್‌ರೂಂ, ಅಂದರೆ ಮತ್ತೆ ತೊಳೆಯುವ ಕೋಣೆ. ಮೂರು ಸಲವೂ ಒಂದೇ ಮರೆಯ ಹಿಂದೆ ಅಡಗಿದ್ದಾರೆ.

ಈಗ ನೀಲಿ ಬಣ್ಣದ ಶೌಚಾಲಯಕ್ಕೆ ಬರುತ್ತೇನೆ. ಈ ಸಾಲಿನಲ್ಲಿ ನನಗೆ ಅತ್ಯಂತ ನೋವು ಕೊಡುವ ಶಬ್ದ ಇದೇ. ಶುಚಿ ಎಂಬುದರಿಂದ ಹುಟ್ಟಿದ್ದು ಶೌಚ; ಶುಚಿಯಾಗಿರುವ ಗುಣ ಎಂದು ಅರ್ಥ. ಪತಂಜಲಿಯ ಯೋಗಸೂತ್ರದಲ್ಲಿ ಐದು ನಿಯಮಗಳನ್ನು ಎಣಿಸುವಾಗ ಮೊದಲು ಬರುವುದು ಶೌಚ, ಆಮೇಲೆ ಸಂತೋಷ, ತಪಸ್ಸು. ಭಗವದ್ಗೀತೆಯಲ್ಲಿ ದೈವೀ ಗುಣಗಳನ್ನು ಹೇಳುವಾಗ ತೇಜಸ್ಸು, ಕ್ಷಮೆ, ಧೃತಿಗಳ ಜೊತೆಗೆ ಶೌಚವೂ ಇದೆ. ಅಷ್ಟು ಎತ್ತರದಲ್ಲಿದ್ದ ಶಬ್ದ. ಬಹಿರ್ದೆಸೆಗೆ ಹೋಗಿ ಬಂದ ಮೇಲೆ ಕೈಕಾಲು ತೊಳೆದು ಶುಚಿಯಾಗುವುದು ಶೌಚದ ಒಂದು ಸಣ್ಣ ಭಾಗವಾಗಿತ್ತು. ಕೆಲಸದ ಹೆಸರು ಹೇಳಲು ಸಂಕೋಚಪಟ್ಟವರು ಅದರ ನಂತರದ ಹೆಜ್ಜೆಯ ಹೆಸರು ಹೇಳಿದರು. “ಶೌಚಕ್ಕೆ ಹೋಗಿದ್ದಾರೆ” ಎಂದರೆ ಶುಚಿಯಾಗಲು ಹೋಗಿದ್ದಾರೆ ಎಂದು. ಕೇಳುವವರಿಗೆ ಗೊತ್ತಿತ್ತು, ಹೇಳುವವರಿಗೂ ಗೊತ್ತಿತ್ತು. ನಿಧಾನವಾಗಿ ನಂತರದ ಹೆಜ್ಜೆ ಮರೆಯಾಗಿ ಮೊದಲ ಹೆಜ್ಜೆಯೇ ಶಬ್ದದ ಅರ್ಥವಾಗಿ ಕುಳಿತಿತು.

ಎಷ್ಟರಮಟ್ಟಿಗೆ ಎಂದರೆ, 2014ರಲ್ಲಿ ಸ್ವಚ್ಛ ಭಾರತ ಅಭಿಯಾನ ಶುರುವಾದ ಮೇಲೆ ಹಳ್ಳಿಹಳ್ಳಿಯ ಗೋಡೆಗಳ ಮೇಲೆ “ಬಯಲು ಶೌಚ ಮುಕ್ತ ಗ್ರಾಮ” ಎಂದು ಬರೆದರು. ಶಬ್ದಶಃ ಓದಿ ನೋಡಿ: ಬಯಲಿನಲ್ಲಿ ಶುಚಿತ್ವವೇ ಇಲ್ಲದ ಊರು. ಬರೆದವರು ತಪ್ಪು ಮಾಡಿಲ್ಲ, ಓದಿದವರು ತಪ್ಪು ತಿಳಿದಿಲ್ಲ. ಶಬ್ದ ಪೂರ್ತಿ ತಿರುಗಿ ನಿಂತಿದೆ, ಅಷ್ಟೇ. ಇವತ್ತು ಯಾರಾದರೂ ನಿಮ್ಮ ಮನೆಗೆ ಬಂದು “ನಿಮ್ಮ ಅಡುಗೆಮನೆಯಲ್ಲಿ ಎಂಥ ಶೌಚ!” ಎಂದರೆ ನೀವು ಅವರಿಗೆ ಎರಡನೆಯ ಸಲ ಊಟ ಹಾಕುವುದಿಲ್ಲ.

ಹೀಗೆ ಒಂದು ಶಬ್ದದ ಅರ್ಥ ಕೆಳಗಿಳಿಯುವುದನ್ನು ನಮ್ಮ ಭಾಷಾವಿಜ್ಞಾನದ ಪಾಠಗಳಲ್ಲಿ ಹೀನಾರ್ಥ ಪ್ರಾಪ್ತಿ ಎನ್ನುತ್ತೇವೆ. ವಿದ್ಯಾರ್ಥಿಗಳು ಹೆಸರನ್ನು ಬಾಯಿಪಾಠ ಮಾಡುತ್ತಾರೆ, ಆದರೆ ಅದು ನಡೆಯುತ್ತಿರುವುದನ್ನು ಕಣ್ಣಾರೆ ನೋಡಬಹುದು ಎಂದು ಅವರಿಗೆ ಯಾರೂ ಹೇಳುವುದಿಲ್ಲ. ನೋಡಬಹುದು. ಹಳಗನ್ನಡದಲ್ಲಿ ಹೂವೂ ನಾರುತ್ತಿತ್ತು. ನಾರು ಎಂದರೆ ಪರಿಮಳ ಬೀರು ಎಂದೂ ಆಗುತ್ತಿತ್ತು. ಇವತ್ತು ನಾರುವುದು ಚರಂಡಿ ಮಾತ್ರ. ‘ನಾರುತ್ತಿದೆ’ ಎನ್ನುವುದು ಒರಟು ಎನಿಸಿದಾಗ ‘ವಾಸನೆ ಬರುತ್ತಿದೆ’ ಎಂದೆವು. ವಾಸನೆ ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು ಎಂಬ ಭರವಸೆಯಿಂದ. ಈಗ ಕೇಳಿ ನೋಡಿ: “ಅನ್ನ ವಾಸನೆ ಬಂದಿದೆ” ಎಂದರೆ ಅದನ್ನು ಯಾರೂ ಉಣ್ಣುವುದಿಲ್ಲ. ಒಳ್ಳೆಯದಾಗಿದ್ದರೆ ‘ಸುವಾಸನೆ’ ಎಂದೋ ‘ಘಮ’ ಎಂದೋ ಬೇರೆ ಹೇಳಬೇಕು. ವಾಸನೆಯೂ ಜಾರುತ್ತಿದೆ, ನಮ್ಮ ಕಣ್ಣ ಮುಂದೆ. ಅದಕ್ಕೇ ಪಟ್ಟಣದ ಮಕ್ಕಳು ಆಗಲೇ ‘ಸ್ಮೆಲ್’ ಎನ್ನುತ್ತಿದ್ದಾರೆ. ಒಂದು ಶಬ್ದದ ಒಳ್ಳೆಯ ಅರ್ಥ ಹೇಳಲು ಅದಕ್ಕೆ ‘ಸು’ ಸೇರಿಸಬೇಕಾಗಿ ಬಂದರೆ, ಏನೂ ಸೇರಿಸದೆ ಹೇಳಿದಾಗ ಕೆಟ್ಟ ಅರ್ಥವೇ ಬರುತ್ತದೆ ಎಂದಾಯಿತು.

ಇಲ್ಲಿಯವರೆಗೆ ಕೇಳಿದವರಿಗೆ ಎಲ್ಲ ಸೌಮ್ಯೋಕ್ತಿಗಳೂ ಸವೆಯುತ್ತವೆ ಎನಿಸಬಹುದು. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ. ನನ್ನ ಎಣಿಕೆ ತಪ್ಪೆಂದು ತೋರಿಸಿದ್ದು ಸಾವಿನ ಮನೆ.

‘ಸತ್ತರು’ ಎನ್ನಲಾರದೆ ನಾವು ‘ತೀರಿಕೊಂಡರು’ ಎನ್ನುತ್ತೇವೆ. ತೀರುವುದೆಂದರೆ ಮುಗಿಯುವುದು, ಸಾಲ ತೀರಿದಂತೆ. ‘ಕಾಲವಾದರು’, ‘ಹೋಗಿಬಿಟ್ಟರು’, ‘ದೈವಾಧೀನರಾದರು’ ಎನ್ನುತ್ತೇವೆ. 2019ರ ಜನವರಿಯಲ್ಲಿ ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿಯವರು ದೇಹ ಬಿಟ್ಟಾಗ ಪತ್ರಿಕೆಗಳೆಲ್ಲ ‘ಲಿಂಗೈಕ್ಯ’ ಎಂದವು. ಇವು ಹಳೆಯ ಮಾತುಗಳು. ‘ತೀರಿಕೊಂಡರು’ ಎಂಬುದನ್ನು ನನ್ನ ಅಜ್ಜಿ ಹೇಳುತ್ತಿದ್ದರು, ನನ್ನ ಮೊಮ್ಮಗಳೂ ಹೇಳುತ್ತಾಳೆ. ಆ ಐದು ತಲೆಮಾರುಗಳಲ್ಲಿ ಈ ಬಾಗಿಲಿನ ಹೆಸರು ನಾಲ್ಕು ಸಲ ಬದಲಾಯಿತು. ತೀರಿಕೊಂಡರು ಎಂಬುದು ಇವತ್ತಿಗೂ ಮೆತ್ತಗೇ ಇದೆ. ಇದು ಏಕೆ?

ಇದಕ್ಕೆ ನನಗೆ ದಾರಿ ತೋರಿಸಿದವನು ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟ. ಕಾವ್ಯದ ದೋಷಗಳನ್ನು ಹೇಳುವಾಗ ಅಶ್ಲೀಲ ಮೂರು ಬಗೆ ಎಂದು ಅವನು ಬಿಡಿಸುತ್ತಾನೆ: ನಾಚಿಕೆ ಹುಟ್ಟಿಸುವುದು, ಜುಗುಪ್ಸೆ ಹುಟ್ಟಿಸುವುದು, ಅಮಂಗಲವನ್ನು ಸೂಚಿಸುವುದು. ನಾವು ಇವತ್ತು ಅಶ್ಲೀಲ ಎಂದರೆ ಮೊದಲನೆಯದನ್ನು ಮಾತ್ರ ನೆನೆಯುತ್ತೇವೆ. ಸಾವನ್ನು ನೆನಪಿಸುವ ಶಬ್ದವನ್ನೂ ಅವನು ಅದೇ ಪಟ್ಟಿಗೆ ಸೇರಿಸಿದ್ದಾನೆ. ನಾಲಿಗೆ ಹಿಂಜರಿಯುವುದಕ್ಕೆ ಮೂರು ಬೇರೆ ಬೇರೆ ಕಾರಣಗಳಿವೆ ಎಂದು ಅಷ್ಟು ಹಿಂದೆಯೇ ನಮ್ಮವರು ಕಂಡಿದ್ದರು. ಅವನು ಹೇಳದ ಒಂದು ಮಾತನ್ನು ನಾನು ಸೇರಿಸುತ್ತೇನೆ: ಈ ಮೂರರಲ್ಲಿ ಮೆತ್ತನೆಯ ಮಾತು ಸವೆಯುವ ವೇಗವೂ ಬೇರೆ ಬೇರೆ.

ಅಮಂಗಲಕ್ಕೆ ಹುಟ್ಟಿದ ಮಾತಿನ ಹಿಂದೆ ಇರುವುದು ಭಯ ಮತ್ತು ದುಃಖ. ನಮ್ಮ ಮನೆಗಳಲ್ಲಿ ದೀಪ ‘ಆರಿಸು’ ಎನ್ನುವುದಿಲ್ಲ, ‘ದೀಪ ಶಾಂತ ಮಾಡು’ ಎನ್ನುತ್ತೇವೆ. ಅಕ್ಕಿ ‘ಮುಗಿಯಿತು’ ಎನ್ನುವುದಿಲ್ಲ, ‘ಹೆಚ್ಚಿತು’ ಎನ್ನುತ್ತೇವೆ. ಹೊರಡುವವರು ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಮೈಮೇಲೆ ಗುಳ್ಳೆ ಎದ್ದರೆ ‘ಅಮ್ಮ ಆಗಿದೆ’ ಎನ್ನುತ್ತಾರೆ; ಸಿಡುಬು ಭೂಮಿಯಿಂದಲೇ ತೊಲಗಿದೆ ಎಂದು 1980ರಲ್ಲಿ ಘೋಷಿಸಿದ ಮೇಲೂ ಆ ಮಾತು ಉಳಿದು, ಸೀತಾಳೆ ಸಿಡುಬಿಗೆ ಇವತ್ತಿಗೂ ಸಲ್ಲುತ್ತಿದೆ. ಈ ಮಾತುಗಳನ್ನು ತೆಗೆದುಕೊಂಡು ಇನ್ನೊಬ್ಬರನ್ನು ಹೀಯಾಳಿಸಲು ಬರುವುದಿಲ್ಲ. ‘ತೀರಿಕೊಂಡರು’ ಎಂಬುದನ್ನು ಬೈಗುಳವಾಗಿ ಯಾರಾದರೂ ಬಳಸಿದ್ದನ್ನು ನೀವು ಕೇಳಿದ್ದೀರಾ? ಬೈಯಬೇಕಾದವರು ಮತ್ತೆ ‘ಸಾಯಿ’ ಎಂಬ ಹಳೆಯ ಶಬ್ದಕ್ಕೇ ಹೋಗುತ್ತಾರೆ. ಸಾವು ನಮ್ಮೆಲ್ಲರ ಮನೆಗೂ ಬರುತ್ತದೆ. ಇದು ಅವರದು, ನಮ್ಮದಲ್ಲ ಎಂದು ದೂರ ನಿಂತು ಹೇಳಲು ಯಾರಿಗೂ ಸಾಧ್ಯವಿಲ್ಲ. ಹಾಗಾಗಿ ಆ ಮಾತುಗಳಿಗೆ ಕೊಳೆ ಹತ್ತುವುದು ತೀರ ನಿಧಾನ.

ಜುಗುಪ್ಸೆ ಹಾಗಲ್ಲ. ಅಲ್ಲಿ ದೂರ ನಿಲ್ಲುವುದೇ ಭಾವ. ಎಲ್ಲಕ್ಕಿಂತ ಬೇಗ ಸವೆಯುವುದು ಮನುಷ್ಯರನ್ನೇ ದೂರ ನಿಲ್ಲಿಸುವ ಕಡೆ, ತಿರಸ್ಕಾರ ಇರುವ ಕಡೆ. ಶಾಲೆಯ ಅಂಗಳದಲ್ಲಿ ಇದನ್ನು ಅಳೆಯಬಹುದು. ಒಂದು ಶಬ್ದವನ್ನು ಮಕ್ಕಳು ಜಗಳದಲ್ಲಿ ಎಸೆಯಲು ಶುರು ಮಾಡಿದ ದಿನ ಅದರ ಸೌಮ್ಯತೆ ಮುಗಿಯಿತು. ‘ಬುದ್ಧಿಮಾಂದ್ಯ’ ಎಂಬ ಶಬ್ದವನ್ನು ತೆಗೆದುಕೊಳ್ಳಿ. ದಡ್ಡ, ಹುಚ್ಚ, ಪೆದ್ದ ಎಂದು ಕರೆಯುತ್ತಿದ್ದ ಮಕ್ಕಳಿಗೆ ಗೌರವದ ಹೆಸರು ಬೇಕೆಂದು ಅದನ್ನು ತಂದರು. ಮಂದ ಎಂದರೆ ನಿಧಾನ; ಈ ಮಗು ನಿಧಾನವಾಗಿ ಕಲಿಯುತ್ತದೆ ಎಂದಷ್ಟೇ ಅದರ ಅರ್ಥ. ಇಂಗ್ಲಿಷಿನಲ್ಲಿಯೂ ಇದೇ ಆಯಿತು. ‘ರಿಟಾರ್ಡೆಡ್’ ಎಂದರೂ ನಿಧಾನಗೊಂಡ ಎಂದೇ. ಅದು ಬೈಗುಳವಾಗಿ, ಅಮೆರಿಕದಲ್ಲಿ 2010ರಲ್ಲಿ ಕಾನೂನು ಮಾಡಿ ಒಕ್ಕೂಟ ಸರ್ಕಾರದ ಕಾಯಿದೆಗಳಿಂದ ಅದನ್ನು ತೆಗೆದುಹಾಕಬೇಕಾಯಿತು. ನಮ್ಮ ಬುದ್ಧಿಮಾಂದ್ಯವೂ ತರಗತಿಗಳಲ್ಲಿ ಬೈಗುಳವಾಗಿ ಓಡಾಡುತ್ತಿದೆ. ಒಬ್ಬ ಹುಡುಗ ಇನ್ನೊಬ್ಬನಿಗೆ ಹಾಗೆಂದಾಗ ಅವನನ್ನು ಕರೆದು, ಆ ಶಬ್ದದ ಅರ್ಥ ಹೇಳು ಎಂದೆ. ಅವನಿಗೆ ಮಂದ ಎಂದರೇನು ಎಂದು ಗೊತ್ತಿರಲಿಲ್ಲ. ಹಾಗೆಂದು ಯಾರನ್ನು ಕರೆಯುತ್ತಾರೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಅಮೆರಿಕದ ಭಾಷಾವಿಜ್ಞಾನಿ ಸ್ಟೀವನ್ ಪಿಂಕರ್ 1994ರಲ್ಲಿ ಬರೆದ ಒಂದು ಲೇಖನದಲ್ಲಿ ಈ ಓಟಕ್ಕೆ ಸೌಮ್ಯೋಕ್ತಿಯ ಟ್ರೆಡ್‌ಮಿಲ್ ಎಂದು ಹೆಸರಿಟ್ಟರು. ಎಷ್ಟು ಓಡಿದರೂ ನಿಂತ ಜಾಗದಲ್ಲಿಯೇ ಇರುವ ಯಂತ್ರ. ಅವರ ವಾದದ ತಿರುಳು ಸರಳವಾಗಿದೆ: ಜನರ ಮನಸ್ಸಿನಲ್ಲಿ ವಸ್ತುವಿನ ಬಗ್ಗೆ ಇರುವ ಭಾವ ಶಬ್ದಕ್ಕೆ ಬಣ್ಣ ಕೊಡುತ್ತದೆ, ಶಬ್ದ ಭಾವಕ್ಕೆ ಬಣ್ಣ ಕೊಡುವುದಿಲ್ಲ. ಇದರ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಇನ್ನರ್ಧದ ಬಗ್ಗೆ ನನಗೆ ತಕರಾರಿದೆ, ಏಕೆಂದರೆ ಶಬ್ದದ ಒಳಗಿನ ಚಿತ್ರಕ್ಕೂ ಬೆಲೆ ಇದೆ.

ನಮ್ಮ ಬಸ್ಸುಗಳಲ್ಲಿ ಮೊದಲು ‘ಅಂಗವಿಕಲರಿಗೆ’ ಎಂದು ಬರೆದ ಆಸನಗಳಿದ್ದವು. ಅದು ಒರಟು ಎಂದು ‘ವಿಕಲಚೇತನ’ ಎಂಬ ಶಬ್ದ ತಂದರು. ನಮ್ಮ ರಾಜ್ಯದ ಇಲಾಖೆಯ ಹೆಸರಿನಲ್ಲಿಯೂ ಇದೇ ಶಬ್ದವಿದೆ. ಒಂದು ಕ್ಷಣ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಂಗವಿಕಲ ಎಂದರೆ ಒಂದು ಅಂಗದಲ್ಲಿ ಊನ. ವಿಕಲಚೇತನ ಎಂದರೆ ಚೇತನದಲ್ಲಿಯೇ ಊನ. ಕಾಲಿಗೆ ಪೋಲಿಯೊ ಆದವರ ಕಾಲಿನ ಊನವನ್ನು ಹೇಳುವುದು ಒರಟು ಎಂದು ಅವರ ಚೇತನಕ್ಕೇ ಊನ ಹಚ್ಚಿದೆವು. ಹೊಸದಾಗಿದ್ದಾಗ ಶಬ್ದಕ್ಕೆ ಸಂಸ್ಕೃತದ ಗಾಂಭೀರ್ಯವಿತ್ತು, ಯಾರೂ ಬಿಡಿಸಿ ನೋಡಲಿಲ್ಲ. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ತಮ್ಮ ರೇಡಿಯೊ ಭಾಷಣದಲ್ಲಿ ‘ದಿವ್ಯಾಂಗ’ ಎಂಬ ಶಬ್ದವನ್ನು ಸೂಚಿಸಿದರು. ಕೇಂದ್ರದ ಇಲಾಖೆಯ ಹೆಸರು ಅದಕ್ಕೆ ತಕ್ಕಂತೆ ಬದಲಾಯಿತು. ಅಂಗವೈಕಲ್ಯವಿರುವವರ ಹಕ್ಕುಗಳಿಗಾಗಿ ದುಡಿಯುವ ಹಲವರು ಆಗಲೇ ಅದನ್ನು ವಿರೋಧಿಸಿದರು: ನಮ್ಮ ಅಂಗದಲ್ಲಿ ದೈವಿಕವಾದದ್ದು ಏನೂ ಇಲ್ಲ, ನಮಗೆ ಬೇಕಾದದ್ದು ಇಳಿಜಾರಿನ ದಾರಿ, ಕೆಲಸ, ಓದು ಎಂದು. ಒಂದು ಶಬ್ದ ಕೆಳಕ್ಕೆ ತಳ್ಳಿತು, ಇನ್ನೊಂದು ಮೇಲಕ್ಕೆತ್ತಿ ಕೂರಿಸಿತು. ಪಕ್ಕದಲ್ಲಿ ಕೂರಿಸುವ ಶಬ್ದ ಇನ್ನೂ ಬಂದಿಲ್ಲ. ‘ವಿಶೇಷಚೇತನ’ ಎಂಬುದೂ ಚಲಾವಣೆಯಲ್ಲಿದೆ. ಈ ಸರಪಣಿಯ ವೇಗ ನೋಡಿ: ಕೆಲವೇ ದಶಕಗಳಲ್ಲಿ ನಾಲ್ಕು ಹೆಸರು. ತಿರಸ್ಕಾರ ಎಷ್ಟು ಬಲವಾಗಿದೆ ಎಂಬುದಕ್ಕೆ ಇದೇ ಅಳತೆ. ನಮ್ಮ ಬಸ್ ನಿಲ್ದಾಣಗಳ ಮೆಟ್ಟಿಲುಗಳು ಅಲ್ಲೇ ಇವೆ, ಫಲಕದ ಬಣ್ಣ ಮಾತ್ರ ಹೊಸದು.

ಸೌಮ್ಯೋಕ್ತಿ ಎಲ್ಲಿ ಅಪಾಯ ಮಾಡುತ್ತದೆ ಎನ್ನುವುದಕ್ಕೆ ನಿಮ್ಮ ಊರಿನ ಕೆರೆಗಳಿಗಿಂತ ಹತ್ತಿರದ ಉದಾಹರಣೆ ಇಲ್ಲ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್ ನೀರನ್ನು ಈ ಭಾಗದ 126 ಕೆರೆಗಳಿಗೆ ತುಂಬಿಸುವ ಯೋಜನೆ ಮಾಡಿದರು. 2018ರ ಜೂನ್‌ನಲ್ಲಿ ಮೊದಲ ನೀರು ಬಂತು. ಒಣಗಿ ನಿಂತ ಕೆರೆಗಳನ್ನು ನೋಡಿ ನೋಡಿ ಬೇಸತ್ತ ರೈತರಿಗೆ ಆ ನೀರು ಎಷ್ಟು ಬೇಕಿತ್ತು ಎಂಬುದು ನನಗೆ ಗೊತ್ತು. ವಿರೋಧಿಸಿದವರು ಅದನ್ನು ‘ಕೊಳಚೆ ನೀರು’ ಎಂದರು, ಕಾಗದಪತ್ರಗಳು ‘ಸಂಸ್ಕರಿಸಿದ ನೀರು’ ಎಂದವು. ಜನ ಎರಡನ್ನೂ ಬಿಟ್ಟು ‘ಕೆ.ಸಿ. ವ್ಯಾಲಿ ನೀರು’ ಎಂದರು. ಕೋರಮಂಗಲ ಮತ್ತು ಚಲ್ಲಘಟ್ಟದ ಮೊದಲ ಅಕ್ಷರಗಳು ಅವು. ಎರಡು ಅಕ್ಷರಗಳಲ್ಲಿ ನಾತವೂ ಇಲ್ಲ, ಸಂಸ್ಕಾರವೂ ಇಲ್ಲ. ಕಕ್ಕಸಿನ ಹಾಗೆಯೇ ಮುಚ್ಚಿದ ಪಾತ್ರೆ. ಈಚೆಗೆ ಸೊಪ್ಪಿನ ಅಂಗಡಿಯ ಮುಂದೆ ನಿಂತಿದ್ದಾಗ ಒಬ್ಬ ತಾಯಿ ದಂಟಿನ ಸೊಪ್ಪಿನ ಕಟ್ಟನ್ನು ಕೈಯಲ್ಲಿ ಹಿಡಿದು, “ಇದು ಕೆ.ಸಿ. ವ್ಯಾಲಿಯದೇನಪ್ಪ?” ಎಂದು ಕೇಳಿದರು. ಮಾರುವ ಹುಡುಗ ತಕ್ಷಣ, “ಇಲ್ಲಮ್ಮ, ಬೋರ್‌ವೆಲ್ಲಿನದು” ಎಂದ. ಆ ಅಕ್ಷರಗಳಿಗೂ ಕೊಳೆ ಹತ್ತತೊಡಗಿದೆ.

ಇಲ್ಲಿ ನಾನು ಬೇಡುವುದು ಬೇರೆ ಸೌಮ್ಯೋಕ್ತಿಯಲ್ಲ. ‘ಸಂಸ್ಕರಿಸಿದ’ ಎಂಬ ಒಂದು ಶಬ್ದದೊಳಗೆ ಒಂದು ಮುಖ್ಯವಾದ ಪ್ರಶ್ನೆ ಮುಳುಗಿಹೋಗಿದೆ: ಎಷ್ಟು ಹಂತ? ಕೊಳಚೆಯಲ್ಲಿ ತಳಕ್ಕೆ ಕೂರುವುದನ್ನು ಕೂರಿಸಿ ತೆಗೆಯುವುದು ಮೊದಲ ಹಂತ. ಗಾಳಿ ಊದಿ, ಕರಗಿದ ಕೊಳೆಯನ್ನು ಸೂಕ್ಷ್ಮಜೀವಿಗಳಿಂದ ತಿನ್ನಿಸುವುದು ಎರಡನೆಯದು. ಅದರ ನಂತರವೂ ಉಳಿಯುವ ಸಾರಜನಕ, ರಂಜಕಗಳನ್ನೂ ರೋಗಾಣುಗಳನ್ನೂ ತೆಗೆಯಲು ಮೂರನೆಯ ಹಂತ ಬೇಕು. ಈ ನೀರನ್ನು ಎರಡು ಹಂತ ಮಾಡಿ ಕಳಿಸುವ ಯೋಜನೆ ಅದು. ಜಿಲ್ಲೆಯ ಜನ ವರ್ಷಗಳಿಂದ ಕೇಳುತ್ತಿರುವುದು ಮೂರನೆಯದನ್ನು. ‘ಎರಡು ಹಂತ ಸಂಸ್ಕರಿಸಿದ ಕೊಳಚೆ ನೀರು’ ಎಂದು ಬರೆದರೆ ಉದ್ದವಾಗುತ್ತದೆ, ಕಿವಿಗೆ ಹಿತವಲ್ಲ. ಆದರೆ ಓದಿದ ರೈತನಿಗೆ ಯಾವ ಬೆಳೆಗೆ ಬಿಡಬಹುದು, ಪಕ್ಕದ ಬಾವಿಯ ನೀರನ್ನು ಕುಡಿಯಬಹುದೇ ಎಂದು ಕೇಳಲು ಒಂದು ಹಿಡಿ ಸಿಗುತ್ತದೆ. ಮನೆಗೆ ಬಂದ ನೆಂಟರ ಮುಂದೆ ದನಿ ತಗ್ಗಿಸುವುದು ಸೌಜನ್ಯ. ಕಾಗದದ ಮೇಲೆ ದನಿ ತಗ್ಗಿಸಿದರೆ ಲೆಕ್ಕ ಮುಚ್ಚಿಹೋಗುತ್ತದೆ.

ಮಾತು ಮುಗಿದ ಮೇಲೆ ಪ್ರಶ್ನೆಗಳಿಗೆ ಸಮಯ ಕೊಟ್ಟರು. ಹಿಂದಿನ ಸಾಲಿನಿಂದ ಪದವಿ ಓದುತ್ತಿರುವ ಒಬ್ಬ ಹುಡುಗಿ ಎದ್ದು ನಿಂತಳು. “ಸಾರ್, ಒಮ್ಮೆ ಕೆಳಗಿಳಿದ ಶಬ್ದ ಮತ್ತೆ ಮೇಲೆ ಬರುವುದೇ ಇಲ್ಲವೇ?” ಎಂದು ಕೇಳಿದಳು. ನಾನು ಯೋಚಿಸುತ್ತಿರುವಾಗಲೇ ಅವಳೇ ಮುಂದುವರಿಸಿದಳು. “ನಮ್ಮ ಅಜ್ಜಿ ‘ಹೊರಗಾಗಿದ್ದಾಳೆ’ ಎನ್ನುತ್ತಾರೆ. ಅಮ್ಮ ‘ರಜ’ ಎನ್ನುತ್ತಾರೆ. ನಾವು ಸ್ನೇಹಿತೆಯರು ‘ಡೇಟ್’ ಎನ್ನುತ್ತೇವೆ. ‘ಮುಟ್ಟು’ ಎಂದು ಯಾರೂ ಅನ್ನುವುದಿಲ್ಲ.” ಸಭೆಯಲ್ಲಿ ಗಂಡಸರು ಕೆಲವರು ಕುರ್ಚಿಯಲ್ಲಿ ಸರಿದು ಕುಳಿತರು. ಅವಳು ದನಿ ತಗ್ಗಿಸಲಿಲ್ಲ.

ಅವಳ ಅಜ್ಜಿಯ ಮಾತಿನ ಬಗ್ಗೆ ಮೊದಲು ಹೇಳಿದೆ. ‘ಹೊರಗಾದಳು’ ಎಂಬುದು ನಮ್ಮಲ್ಲಿ ಬಹಳ ಮನೆಗಳಿಗೆ ಒಂದು ಮೆತ್ತನೆಯ ಮಾತು. ತುಮಕೂರು ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಅದು ಅಕ್ಷರಶಃ ನಿಜವಾಗಿತ್ತು. ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸಿದ ಸುದ್ದಿಗಳು ಈ ದಶಕದಲ್ಲಿಯೂ ಬಂದಿವೆ. ಅಲ್ಲಿ ಆ ಶಬ್ದ ಏನನ್ನೂ ಮರೆಸುತ್ತಿಲ್ಲ, ಇರುವುದನ್ನೇ ಹೇಳುತ್ತಿದೆ. ‘ಮುಟ್ಟು’ ಎಂಬುದೂ ಬೇರೆಯಲ್ಲ. ಮುಟ್ಟಬಾರದು ಎಂಬ ಕಟ್ಟಳೆಯ ನೆನಪು ಅದರಲ್ಲಿದೆ, ಆದರೂ ಕೈಗೆ ಕೈ ಸೋಕುವ ಮಾತು ಅದು. ಅದರಷ್ಟು ನಿರಪರಾಧಿ ಶಬ್ದ ಕನ್ನಡದಲ್ಲಿ ಕಡಿಮೆ.

ಆಮೇಲೆ ಅವಳ ಪ್ರಶ್ನೆಗೆ ಬಂದೆ. ಶಾಲೆಯ ಹೆಣ್ಣುಮಕ್ಕಳಿಗೆ ಪ್ಯಾಡ್ ಹಂಚುವ ಯೋಜನೆಗೆ ನಮ್ಮ ಸರ್ಕಾರ ಇಟ್ಟ ಹೆಸರು ‘ಶುಚಿ’. ಶೌಚ ಹುಟ್ಟಿದ್ದು ಇದೇ ಶುಚಿಯಿಂದ; ಅದೇ ಬೇರಿನಿಂದ ಇನ್ನೊಂದು ಮರೆ ತಂದಿದ್ದಾರೆ. ಕೊಳೆಯೆಂದು ಬಗೆದ ಇನ್ನೊಂದು ಸಂಗತಿಯ ಮೇಲೆ ಮತ್ತೆ ಶುಚಿಯ ಹೊದಿಕೆ. ಆದರೆ ಅದರ ಮುಂದಿನ ಯೋಜನೆಯಲ್ಲಿ, ಹೆಣ್ಣುಮಕ್ಕಳಿಗೆ ಮತ್ತೆ ಮತ್ತೆ ಬಳಸಬಹುದಾದ ಕಪ್ ಕೊಡುವಾಗ, ‘ಮುಟ್ಟಿನ ಕಪ್’ ಎಂದೇ ಬರೆದರು. ಸರ್ಕಾರದ ಕಾಗದದಲ್ಲಿ, ದೊಡ್ಡ ಅಕ್ಷರಗಳಲ್ಲಿ. ಈಗ ಪತ್ರಿಕೆಗಳು ಹಾಗೆಯೇ ಬರೆಯುತ್ತವೆ, ಆರೋಗ್ಯ ಕಾರ್ಯಕರ್ತೆಯರು ಹಾಗೆಯೇ ಹೇಳುತ್ತಾರೆ. ಅಜ್ಜಿಯಂದಿರು ಬಾಯಿ ಬಿಟ್ಟು ಹೇಳದಿದ್ದ ಶಬ್ದ ಅದು.

“ಹಾಗಾದರೆ ಮೇಲೆ ಬರುತ್ತದೆ ಎಂದೇ ತಾನೆ ಸಾರ್?” ಎಂದಳು. ಬರುತ್ತಿದೆ, ಅದನ್ನು ಮತ್ತೆ ಬಳಕೆಗೆ ತಂದವರು ಹೆಂಗಸರೇ, ಎಂದೆ. ಅವಳು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡು ಕುಳಿತಳು. ಸಭೆ ಮುಗಿದು ಹೊರಗೆ ಬಂದಾಗ ಅವಳೂ ಅವಳ ಇಬ್ಬರು ಗೆಳತಿಯರೂ ಓಣಿಯ ಕೊನೆಯ ಆ ಬಾಗಿಲಿನ ಮುಂದೆ ನಿಂತು, ನೀಲಿ ಬಣ್ಣದ ಅಕ್ಷರಗಳನ್ನು ಬೆರಳಿಟ್ಟು ಬಿಡಿಸಿ ಓದುತ್ತಿದ್ದರು: ಶುಚಿ, ಶೌಚ, ಆಲಯ.